ತಲೆಗೆ ಏಟು ಬಿದ್ದವರು ಎದ್ದು ಮಾತಾಡಿದರೆ ಅಪಾಯ ಕಳೆದಂತೆಯೇ?

ತಲೆಗೆ ಏಟು ಬಿದ್ದು ಎಚ್ಚರ ತಪ್ಪಿದವರು ಸ್ವಲ್ಪ ಹೊತ್ತಿನಲ್ಲೇ ಕಣ್ಣು ಬಿಟ್ಟರೆ ಮನೆಯವರಿಗೆ ಹೋದ ಜೀವ ಬಂದಂತಾಗುತ್ತದೆ. ತಮ್ಮ ಹೆಸರು ಹೇಳುತ್ತಾರೆ, ನೀರು ಕೇಳುತ್ತಾರೆ, "ನನಗೇನೂ ಆಗಿಲ್ಲ ಬಿಡಿ" ಎಂದು ಎದ್ದು ನಡೆಯುತ್ತಾರೆ. ಹೆಚ್ಚಿನವರಿಗೆ ನಿಜವಾಗಿಯೂ ಏನೂ ಆಗಿರುವುದಿಲ್ಲ. ಆದರೆ ಕೆಲವರಿಗೆ ಕೆಲವು ಗಂಟೆಗಳ ನಂತರ ಮತ್ತೆ ಎಚ್ಚರ ತಪ್ಪುತ್ತದೆ. ಆ ಸಲ ಅದು ತಾನಾಗಿ ವಾಪಸ್ ಬರುವುದಿಲ್ಲ.

ನಡುವೆ ಅವರು ಚೆನ್ನಾಗಿದ್ದ ಆ ಹೊತ್ತನ್ನು ವೈದ್ಯರು ಲೂಸಿಡ್ ಇಂಟರ್ವಲ್ ಎನ್ನುತ್ತಾರೆ. ಮನೆಯವರನ್ನು ಮೋಸ ಮಾಡುವುದು ಇದೇ. ಮೋಸ ಎಲ್ಲಿದೆ ಅಂದರೆ, ಮೊದಲ ಸಲ ಎಚ್ಚರ ತಪ್ಪಿದ್ದಕ್ಕೂ ಎರಡನೇ ಸಲ ತಪ್ಪುವುದಕ್ಕೂ ಕಾರಣ ಬೇರೆ ಬೇರೆ. ಮೊದಲನೆಯದು ಏಟಿನ ರಭಸಕ್ಕೆ ಮೆದುಳು ಒಂದು ಸಲ ಅಲುಗಾಡಿದ್ದರಿಂದ ಆದದ್ದು. ಅದು ನಿಮಿಷಗಳಲ್ಲಿ ಸರಿಹೋಗಬಹುದು. ಎರಡನೆಯದು ತಲೆಬುರುಡೆಯೊಳಗೆ ಸೋರಿದ ರಕ್ತ ಮೆದುಳನ್ನು ಒತ್ತುವುದರಿಂದ ಆಗುವುದು. ಮೊದಲನೆಯದರಿಂದ ಚೇತರಿಸಿಕೊಂಡರು ಅನ್ನುವುದು ಎರಡನೆಯದರ ಬಗ್ಗೆ ಏನನ್ನೂ ಹೇಳುವುದಿಲ್ಲ. ಆದರೆ ನೋಡುವವರ ಕಣ್ಣಿಗೆ ಎರಡೂ ಒಂದೇ ಕಥೆಯ ಹಾಗೆ ಕಾಣುತ್ತವೆ: ಬಿದ್ದ, ಎಚ್ಚರ ತಪ್ಪಿತು, ಎದ್ದ, ಮುಗಿಯಿತು.

ಒಳಗೆ ಏನಾಗುತ್ತದೆ ಎಂದು ತಿಳಿಯಬೇಕಾದರೆ ಮೊದಲು ಡ್ಯೂರಾ ಎಂಬ ಪದರದ ಪರಿಚಯ ಬೇಕು. ತಲೆಬುರುಡೆಯ ಒಳಮೈಗೆ ಅಂಟಿಕೊಂಡಂತೆ ಇರುವ ದಪ್ಪ, ಗಟ್ಟಿ ಹೊದಿಕೆ ಇದು. ಮೆದುಳು ಇದರ ಒಳಗಡೆ ಇರುತ್ತದೆ. ರಕ್ತ ಮೂಳೆಗೂ ಡ್ಯೂರಾಕ್ಕೂ ನಡುವೆ ಸೇರಿಕೊಂಡರೆ ಅದು ಎಕ್ಸ್‌ಟ್ರಾಡ್ಯೂರಲ್ ರಕ್ತಸ್ರಾವ. ಎಪಿಡ್ಯೂರಲ್ ಅಂತ ರಿಪೋರ್ಟಿನಲ್ಲಿ ಬರೆದಿದ್ದರೂ ಅದೇ. ರಕ್ತ ಡ್ಯೂರಾದ ಒಳಗಡೆ, ಮೆದುಳಿನ ಮೇಲೆ ಹರಡಿಕೊಂಡರೆ ಅದು ಸಬ್‌ಡ್ಯೂರಲ್. ಒಂದೇ ಪದರದ ಆಚೆ ಮತ್ತು ಈಚೆ, ಅಷ್ಟೇ ವ್ಯತ್ಯಾಸ. ಆದರೆ ಎರಡರ ನಡವಳಿಕೆ ತೀರಾ ಬೇರೆ.

ಲೂಸಿಡ್ ಇಂಟರ್ವಲ್ ಅಂದ ತಕ್ಷಣ ನೆನಪಾಗುವುದು ಎಕ್ಸ್‌ಟ್ರಾಡ್ಯೂರಲ್. ಅದನ್ನೇ ಮೊದಲು ನೋಡೋಣ.

ಕಣ್ಣಿಗೂ ಕಿವಿಗೂ ನಡುವೆ ಇರುವ ಕಣತಲೆಯ ಹತ್ತಿರ ತಲೆಬುರುಡೆ ತೆಳ್ಳಗಿರುತ್ತದೆ. ಆ ತೆಳು ಮೂಳೆಯ ಒಳಮೈಯಲ್ಲಿ ಒಂದು ಸಣ್ಣ ಕಾಲುವೆಯಂಥ ಗೆರೆ ಇದೆ. ಅದರಲ್ಲಿ ಮಿಡ್ಲ್ ಮೆನಿಂಜಿಯಲ್ ಆರ್ಟರಿ ಎಂಬ ರಕ್ತನಾಳ ಸಾಗುತ್ತದೆ. ಅಲ್ಲಿ ಏಟು ಬಿದ್ದು ಮೂಳೆ ಬಿರುಕು ಬಿಟ್ಟರೆ, ಆ ಬಿರುಕಿನ ಅಂಚು ರಕ್ತನಾಳವನ್ನೂ ಸೀಳಬಹುದು. ಹೃದಯದಿಂದ ಒತ್ತಡದಲ್ಲಿ ಬರುವ ರಕ್ತ ಮೂಳೆಗೂ ಡ್ಯೂರಾಕ್ಕೂ ನಡುವೆ ನುಗ್ಗಲು ಶುರುವಾಗುತ್ತದೆ.

ಒತ್ತಡದ ರಕ್ತ ಅಂದಮೇಲೆ ಐದೇ ನಿಮಿಷದಲ್ಲಿ ಎಲ್ಲಾ ಮುಗಿಯಬೇಕಲ್ವಾ? ಹಾಗಾಗುವುದಿಲ್ಲ. ಡ್ಯೂರಾ ಮೂಳೆಗೆ ಅಂಟಿಕೊಂಡಿದೆ, ಅಲ್ಲಿ ಮೊದಲೇ ಖಾಲಿ ಜಾಗ ಇಲ್ಲ. ರಕ್ತ ಆ ಪದರವನ್ನು ಮೂಳೆಯಿಂದ ಸ್ವಲ್ಪ ಸ್ವಲ್ಪವೇ ಬಿಡಿಸಿಕೊಂಡು ತನಗೆ ಜಾಗ ಮಾಡಿಕೊಳ್ಳಬೇಕು. ಇದಕ್ಕೆ ಸಮಯ ಹಿಡಿಯುತ್ತದೆ. ಎಷ್ಟೋ ಸಲ ಗಂಟೆಗಳೇ ಹಿಡಿಯುತ್ತವೆ. ಇನ್ನೊಂದು ಮುಖ್ಯ ಸಂಗತಿ ಎಂದರೆ, ಈ ಹಂತದಲ್ಲಿ ಮೆದುಳಿಗೆ ನೇರವಾಗಿ ಗಾಯವಾಗದೆಯೂ ಇರಬಹುದು. ಪೆಟ್ಟಾಗಿರುವುದು ಮೂಳೆಗೆ ಮತ್ತು ಒಂದು ರಕ್ತನಾಳಕ್ಕೆ. ಅದಕ್ಕೇ ಆ ವ್ಯಕ್ತಿ ಸರಿಯಾಗಿ ಯೋಚಿಸುತ್ತಾನೆ, ಮಾತಾಡುತ್ತಾನೆ, ನಡೆಯುತ್ತಾನೆ. ಅವನು ಚೆನ್ನಾಗಿ ಕಾಣುವುದು ಸುಳ್ಳಲ್ಲ. ಆ ಹೊತ್ತಿಗೆ ಅವನ ಮೆದುಳು ನಿಜವಾಗಿಯೂ ಚೆನ್ನಾಗಿಯೇ ಕೆಲಸ ಮಾಡುತ್ತಿರುತ್ತದೆ.

ಹಾಗಾದರೆ ಒಮ್ಮೆಲೇ ಕುಸಿಯುವುದು ಯಾಕೆ? ಉತ್ತರ ತಲೆಬುರುಡೆಯ ಜಾಗದ ಲೆಕ್ಕದಲ್ಲಿದೆ. ದೊಡ್ಡವರ ತಲೆಬುರುಡೆ ಹಿಗ್ಗದ ಡಬ್ಬಿ. ಅದರಲ್ಲಿ ಸುಮಾರು 80 ಭಾಗ ಮೆದುಳು, 10 ಭಾಗ ರಕ್ತ, ಇನ್ನು 10 ಭಾಗ ಮೆದುಳನ್ನು ಸುತ್ತುವರಿದ ತಿಳಿ ದ್ರವ. ಹೊಸದಾಗಿ ರಕ್ತ ಸೋರಿ ಜಾಗ ಕೇಳಿದಾಗ ಇವುಗಳಲ್ಲಿ ಯಾವುದಾದರೂ ಹೊರಗೆ ಹೋಗಲೇಬೇಕು. ಮೊದಲು ತಿಳಿ ದ್ರವ ಬೆನ್ನುಹುರಿಯ ಕಡೆಗೆ ಇಳಿಯುತ್ತದೆ. ಆಮೇಲೆ ಸಿರೆಗಳಲ್ಲಿರುವ ರಕ್ತ ಹಿಂಡಿ ಹೊರಹೋಗುತ್ತದೆ. ತುಂಬಿದ ಬಸ್ಸಿನಲ್ಲಿ ನಿಂತವರು ಒಬ್ಬರಿಗೊಬ್ಬರು ಒತ್ತಿಕೊಂಡು ಇನ್ನೂ ನಾಲ್ಕು ಜನರಿಗೆ ಜಾಗ ಮಾಡಿಕೊಡುವ ಹಾಗೆ. ಅಲ್ಲಿಯವರೆಗೆ ಒಳಗಿನ ಒತ್ತಡ ಜಾಸ್ತಿ ಏರುವುದಿಲ್ಲ, ಹೊರಗೆ ಏನೂ ಗೊತ್ತಾಗುವುದಿಲ್ಲ. ಬಿಟ್ಟುಕೊಡಲು ಇನ್ನೇನೂ ಉಳಿಯದ ಹಂತ ಬಂತೆಂದರೆ ಲೆಕ್ಕ ಬದಲಾಗುತ್ತದೆ. ಅಲ್ಲಿಂದ ಮುಂದೆ ಕೆಲವೇ ಮಿಲಿಲೀಟರ್ ರಕ್ತ ಸೇರಿದರೂ ಒತ್ತಡ ನೆಟ್ಟಗೆ ಮೇಲೇರುತ್ತದೆ.

ಅಂದರೆ ರಕ್ತ ಒಂದೇ ವೇಗದಲ್ಲಿ ಸೋರುತ್ತಿದ್ದರೂ ರೋಗಿ ಒಂದೇ ವೇಗದಲ್ಲಿ ಕೆಡುವುದಿಲ್ಲ. ಬಹಳ ಹೊತ್ತು ಸರಿಯಾಗಿಯೇ ಇದ್ದು, ಆಮೇಲೆ ಬೇಗ ಕೆಡುತ್ತಾನೆ. "ಮೂರು ಗಂಟೆಯಿಂದ ಚೆನ್ನಾಗಿದ್ದಾನೆ, ಇನ್ನೇನು ಆಗುತ್ತೆ" ಎಂಬ ಮಾತು ಇಲ್ಲೇ ಎಡವುತ್ತದೆ. ಆ ಮೂರು ಗಂಟೆಯಲ್ಲಿ ಅವನು ಗುಣವಾಗದೆ, ಇದ್ದ ಜಾಗವನ್ನೆಲ್ಲ ಖರ್ಚು ಮಾಡಿ ಮುಗಿಸಿರಬಹುದು.

ಎಷ್ಟು ರಕ್ತ ಸೇರಿದರೆ ಅಪಾಯ? ನರಶಸ್ತ್ರಚಿಕಿತ್ಸಕರ ಮಾರ್ಗಸೂಚಿಯ ಪ್ರಕಾರ ಎಕ್ಸ್‌ಟ್ರಾಡ್ಯೂರಲ್ ರಕ್ತದ ಗಡ್ಡೆ 30 ಮಿಲಿಲೀಟರ್ ದಾಟಿದರೆ, ರೋಗಿ ಎಷ್ಟೇ ಎಚ್ಚರವಾಗಿದ್ದರೂ ಆಪರೇಷನ್ ಮಾಡಬೇಕು. 30 ಮಿಲಿಲೀಟರ್ ಅಂದರೆ ಎರಡು ದೊಡ್ಡ ಚಮಚದಷ್ಟು. ಅಷ್ಟು ರಕ್ತ ಮೊಣಕಾಲಿನ ಗಾಯದಿಂದ ಹೋದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಈಗ ಒಂದು ಉದಾಹರಣೆಯನ್ನು ಗಂಟೆ ಗಂಟೆಗೆ ನೋಡೋಣ. ಇದು ಒಬ್ಬ ನಿಜವಾದ ವ್ಯಕ್ತಿಯ ಕಥೆಯಲ್ಲ. ಇಂಥದ್ದು ಹೇಗೆ ನಡೆಯುತ್ತದೆ ಎಂದು ತೋರಿಸಲು ಜೋಡಿಸಿದ್ದು.

19 ವರ್ಷದ ಹುಡುಗ ಸಂಜೆ 6 ಗಂಟೆಗೆ ಸೈಕಲ್ಲಿನಿಂದ ಬೀಳುತ್ತಾನೆ. ಬಲ ಕಣತಲೆ ಕಲ್ಲಿನ ಅಂಚಿಗೆ ಬಡಿಯುತ್ತದೆ. ಎರಡು ನಿಮಿಷ ಎಚ್ಚರ ಇಲ್ಲ. ಆಮೇಲೆ ಎದ್ದು ಕೂತು "ಏನಾಯ್ತು?" ಎನ್ನುತ್ತಾನೆ. ಕಿವಿಯ ಮೇಲೆ ಸ್ವಲ್ಪ ಊದಿಕೊಂಡಿದೆ, ಅಷ್ಟೇ. ಮನೆಗೆ ನಡೆದುಕೊಂಡೇ ಬರುತ್ತಾನೆ. ಈ ಹೊತ್ತಿಗೆ ಒಳಗೆ ಸೋರಿರುವುದು ಕೆಲವೇ ಮಿಲಿಲೀಟರ್.

7 ಗಂಟೆಗೆ ಬಲಗಡೆ ತಲೆನೋವು ಶುರುವಾಗುತ್ತದೆ. ಏಟು ಬಿದ್ದಿದೆ, ನೋವು ಇದ್ದೇ ಇರುತ್ತೆ ಅಂತ ಮಾತ್ರೆ ಕೊಡುತ್ತಾರೆ. 8 ಗಂಟೆಗೆ ನೋವು ಕಡಿಮೆಯಾಗುವ ಬದಲು ಜಾಸ್ತಿಯಾಗಿದೆ. ಒಂದು ಸಲ ವಾಂತಿ, ಅರ್ಧ ಗಂಟೆ ಬಿಟ್ಟು ಇನ್ನೊಂದು ಸಲ. "ಹೊಟ್ಟೆ ಖಾಲಿ ಇತ್ತು, ಅದಕ್ಕೇ" ಅನ್ನುತ್ತಾರೆ. ನಿಜವಾಗಿ ಡ್ಯೂರಾ ಮೂಳೆಯಿಂದ ಬಿಡಿಸಿಕೊಳ್ಳುತ್ತಿರುವುದರಿಂದ ನೋವು, ಒಳಗಿನ ಒತ್ತಡ ಏರುತ್ತಿರುವುದರಿಂದ ವಾಂತಿ. 9 ಗಂಟೆಗೆ ಅವನಿಗೆ ಸಿಡಿಮಿಡಿ. ಕೇಳಿದ್ದಕ್ಕೆ ತಡವಾಗಿ ಉತ್ತರ ಕೊಡುತ್ತಾನೆ, ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳುತ್ತಾನೆ, "ನನ್ನ ಪಾಡಿಗೆ ಬಿಡಮ್ಮ, ಮಲಗ್ತೀನಿ" ಎನ್ನುತ್ತಾನೆ. ಪಾಪ, ಸುಸ್ತಾಗಿದೆ ಅಂತ ಅಮ್ಮ ದೀಪ ಆರಿಸುತ್ತಾರೆ.

10 ಗಂಟೆಗೆ ಜೋರಾಗಿ ಗೊರಕೆ. ಅವನಿಗೆ ಗೊರಕೆಯ ಅಭ್ಯಾಸ ಇಲ್ಲ. ಆದರೂ ಗಾಢ ನಿದ್ದೆ ಬಂದಿದೆ ಎಂದು ಎಲ್ಲರಿಗೂ ನೆಮ್ಮದಿ. ಎಚ್ಚರ ಇಳಿದಾಗ ನಾಲಗೆ ಮತ್ತು ಗಂಟಲಿನ ಸ್ನಾಯುಗಳು ಸಡಿಲವಾಗಿ ಉಸಿರಿನ ದಾರಿಗೆ ಅಡ್ಡ ಬರುತ್ತವೆ. ಆ ಸದ್ದೇ ಗೊರಕೆಯ ಹಾಗೆ ಕೇಳುತ್ತಿರುವುದು. 10.30ಕ್ಕೆ ಯಾರೋ ಅನುಮಾನ ಬಂದು ಎಬ್ಬಿಸಲು ನೋಡುತ್ತಾರೆ. ನರಳುತ್ತಾನೆ, ಏಳುವುದಿಲ್ಲ. ಎಡಗೈ ಸರಿಯಾಗಿ ಆಡುತ್ತಿಲ್ಲ. ಬಲಗಣ್ಣಿನ ಪಾಪೆ ಎಡಗಣ್ಣಿನದಕ್ಕಿಂತ ದೊಡ್ಡದಾಗಿದೆ, ಟಾರ್ಚ್ ಬಿಟ್ಟರೂ ಚಿಕ್ಕದಾಗುವುದಿಲ್ಲ.

ಆ ಪಾಪೆಯ ಕಥೆ ಹೀಗಿದೆ. ಜಾಗವೇ ಇಲ್ಲದಾದಾಗ ಮೆದುಳಿನ ಒಂದು ಭಾಗ ಒಳಗಿನ ಪದರದ ಅಂಚಿನಿಂದ ಕೆಳಕ್ಕೆ ಜಾರುತ್ತದೆ. ಜಾರುವಾಗ ಪಾಪೆಯನ್ನು ಕಿರಿದಾಗಿಸುವ ನರವನ್ನು ಒತ್ತುತ್ತದೆ. ಹಾಗಾಗಿ ಹೆಚ್ಚಿನವರಲ್ಲಿ ರಕ್ತಸ್ರಾವ ಇರುವ ಕಡೆಯ ಪಾಪೆಯೇ ಹಿಗ್ಗುತ್ತದೆ, ಎದುರು ಭಾಗದ ಕೈಕಾಲು ಸೋಲುತ್ತವೆ. ಇದರ ನಂತರ ರಕ್ತದೊತ್ತಡ ಏರುತ್ತದೆ, ನಾಡಿ ನಿಧಾನವಾಗುತ್ತದೆ, ಉಸಿರು ಏರುಪೇರಾಗುತ್ತದೆ. ಉಸಿರು, ಎದೆಬಡಿತಗಳನ್ನು ನಡೆಸುವ ಮೆದುಳಿನ ಕಾಂಡ ಒತ್ತಡಕ್ಕೆ ಸಿಕ್ಕಿದೆ ಎಂದು ಅರ್ಥ. ಉಳಿದಿರುವ ಸಮಯವನ್ನು ನಿಮಿಷಗಳಲ್ಲಿ ಎಣಿಸಬೇಕು.

ಪಾಪೆ ನೋಡಿ ಅಪಾಯ ಗುರುತಿಸುವ ವಿಷಯ ಬಹಳ ಜನರಿಗೆ ಗೊತ್ತು. ನನಗೆ ಇದರಲ್ಲಿ ಒಂದು ಆತಂಕ ಇದೆ. ಪಾಪೆ ಎರಡೂ ಸಮ ಇದೆ, ಹಾಗಾಗಿ ಏನೂ ಇಲ್ಲ ಅಂತ ಸುಮ್ಮನಾಗುವವರು ಇದ್ದಾರೆ. ಪಾಪೆ ಬದಲಾಗುವುದು ಕೊನೆಯ ಹಂತದಲ್ಲಿ. ಅದಕ್ಕಾಗಿ ಕಾಯಬಾರದು. ಮೊದಲು ಬದಲಾಗುವುದು ಮನುಷ್ಯನ ನಡವಳಿಕೆ ಮತ್ತು ಎಚ್ಚರ: ಮಂಕು, ಸಿಡುಕು, ತಡವಾದ ಉತ್ತರ, ಹೊತ್ತಲ್ಲದ ಹೊತ್ತಿನ ನಿದ್ದೆ. ಇದನ್ನು ಡಾಕ್ಟರಿಗಿಂತ ಮೊದಲು ಗುರುತಿಸಬಲ್ಲವರು ಮನೆಯವರೇ, ಯಾಕೆಂದರೆ ಅವನು ಸಾಮಾನ್ಯವಾಗಿ ಹೇಗಿರುತ್ತಾನೆ ಎಂದು ಗೊತ್ತಿರುವುದು ಅವರಿಗೆ.

ಅದೇ ಹುಡುಗನನ್ನು 8.30ಕ್ಕೆ, ಎರಡನೇ ವಾಂತಿಯ ಹೊತ್ತಿಗೆ ಆಸ್ಪತ್ರೆಗೆ ಕರೆತಂದಿದ್ದರೆ? ಸಿ.ಟಿ. ಸ್ಕ್ಯಾನಿನಲ್ಲಿ ಬಲಗಡೆ ಮೂಳೆಯ ಕೆಳಗೆ ಎರಡೂ ಕಡೆ ಉಬ್ಬಿದ ಮಸೂರದ ಆಕಾರದಲ್ಲಿ ಬಿಳಿ ಗಡ್ಡೆ ಕಾಣುತ್ತಿತ್ತು. ತಲೆಬುರುಡೆಯ ಒಂದು ತುಂಡನ್ನು ತೆಗೆದು, ಹೆಪ್ಪುಗಟ್ಟಿದ ರಕ್ತ ಹೊರತೆಗೆದು, ಸೋರುವ ರಕ್ತನಾಳವನ್ನು ಮುಚ್ಚಿ, ಡ್ಯೂರಾವನ್ನು ಮತ್ತೆ ಮೂಳೆಯ ಅಂಚಿಗೆ ಹೊಲಿದು, ಆ ತುಂಡನ್ನು ವಾಪಸ್ ಕೂರಿಸುತ್ತಾರೆ. ಎಚ್ಚರ ತಪ್ಪುವ ಮೊದಲೇ ಈ ಆಪರೇಷನ್ ಆದವರಲ್ಲಿ ಸಾವು ತೀರಾ ಅಪರೂಪ. ಹೆಚ್ಚಿನವರು ಮೊದಲಿನಂತೆ ಆಗುತ್ತಾರೆ. ಕೋಮಾಕ್ಕೆ ಜಾರಿ ಪಾಪೆ ಹಿಗ್ಗಿದ ಮೇಲೆ ಮಾಡಿದರೆ ಆ ಭರವಸೆ ಕೊಡಲು ಆಗುವುದಿಲ್ಲ. ಗಡ್ಡೆ ಅದೇ, ಆಪರೇಷನ್ ಅದೇ. ಬೇರೆಯಾಗಿರುವುದು ಎರಡು ಗಂಟೆ ಮಾತ್ರ.

ಮೊದಲು ಎಚ್ಚರ ತಪ್ಪಲೇಬೇಕು ಎಂದೂ ಇಲ್ಲ. ಇಂಗ್ಲೆಂಡಿನ ನಟಿ ನತಾಶಾ ರಿಚರ್ಡ್‌ಸನ್ ಅವರ ವಿಷಯ ಜಗತ್ತಿಗೇ ಗೊತ್ತಾದದ್ದು. 2009ರ ಮಾರ್ಚ್ 16ರಂದು ಕೆನಡಾದ ಮಾಂಟ್ ಟ್ರೆಂಬ್ಲಾಂಟ್‌ನಲ್ಲಿ, ಹೊಸಬರು ಸ್ಕೀಯಿಂಗ್ ಕಲಿಯುವ ಇಳಿಜಾರಿನಲ್ಲಿ ಅವರು ಬಿದ್ದರು. ಹೊರಗೆ ಗಾಯ ಕಾಣಲಿಲ್ಲ. ನಗುತ್ತಾ ಮಾತಾಡಿದರು. ಬಂದಿದ್ದ ಆಂಬುಲೆನ್ಸ್ ವಾಪಸ್ ಹೋಯಿತು. ಸುಮಾರು ಒಂದು ಗಂಟೆಯ ನಂತರ ತಲೆನೋವು ಶುರುವಾಗಿ ಸ್ಥಿತಿ ಕೆಟ್ಟಿತು. 18ರಂದು ತೀರಿಕೊಂಡರು. ವಯಸ್ಸು 45. ಮರಣೋತ್ತರ ಪರೀಕ್ಷೆಯಲ್ಲಿ ಕಾರಣ ಎಕ್ಸ್‌ಟ್ರಾಡ್ಯೂರಲ್ ರಕ್ತಸ್ರಾವ ಎಂದು ಗೊತ್ತಾಯಿತು.

ಇದರ ಉಲ್ಟಾ ಕೂಡ ತಿಳಿದಿರಬೇಕು. ಎಕ್ಸ್‌ಟ್ರಾಡ್ಯೂರಲ್ ಆದವರೆಲ್ಲರಿಗೂ ಲೂಸಿಡ್ ಇಂಟರ್ವಲ್ ಬರುವುದಿಲ್ಲ. ಪಠ್ಯಪುಸ್ತಕದಲ್ಲಿರುವಂಥ ಸ್ಪಷ್ಟ ಅವಧಿ ಕಾಣುವುದು ಅರ್ಧಕ್ಕಿಂತ ಕಡಿಮೆ ಜನರಲ್ಲಿ. ಕೆಲವರು ಮೊದಲಿಂದಲೂ ಎಚ್ಚರ ತಪ್ಪಿಯೇ ಇರುತ್ತಾರೆ, ಇನ್ನು ಕೆಲವರಿಗೆ ಎಚ್ಚರ ತಪ್ಪುವುದೇ ಇಲ್ಲ. "ತಲೆ ಊದಿಕೊಂಡಿತಲ್ಲ, ಅಂದಮೇಲೆ ಒಳಗೆ ಏನೂ ಆಗಿಲ್ಲ" ಎಂಬ ಮಾತಿಗೂ ಆಧಾರ ಇಲ್ಲ. ಹೊರಗಿನ ಊತ ಚರ್ಮದ ಕೆಳಗಿನ ರಕ್ತದಿಂದ ಬರುವುದು, ಮೂಳೆಯ ಒಳಗಿನ ರಕ್ತಕ್ಕೆ ಅದು ದಾರಿಯಲ್ಲ. ನಿಜ ಹೇಳಬೇಕೆಂದರೆ ಕಣತಲೆಯ ಮೇಲೆ ಮೆತ್ತನೆಯ ಊತ ಇದ್ದರೆ ಅದರ ಕೆಳಗೆ ಮೂಳೆ ಬಿರುಕು ಬಿಟ್ಟಿರುವ ಅನುಮಾನ ಜಾಸ್ತಿಯಾಗಬೇಕು.

ನಿದ್ದೆಯ ಪ್ರಶ್ನೆ ಪ್ರತಿ ಮನೆಯಲ್ಲೂ ಬರುತ್ತದೆ. ಮಲಗಲು ಬಿಡಬಹುದಾ? ನಿದ್ದೆ ಮಾಡುವುದರಿಂದ ರಕ್ತಸ್ರಾವ ಹೆಚ್ಚುವುದಿಲ್ಲ. ತೊಂದರೆ ಏನೆಂದರೆ, ನಿದ್ದೆ ಮತ್ತು ಎಚ್ಚರ ತಪ್ಪುವುದು ದೂರದಿಂದ ನೋಡಿದರೆ ಒಂದೇ ಥರ ಕಾಣುತ್ತವೆ. ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ ಮನೆಗೆ ಕಳಿಸಿದ್ದರೆ ಮಲಗಲಿ, ಅವರು ಎಬ್ಬಿಸಿ ನೋಡಿ ಎಂದಿದ್ದರೆ ಹಾಗೇ ಮಾಡಿ. ಎಬ್ಬಿಸಿದಾಗ "ಹೂಂ" ಎಂದರೆ ಸಾಲದು. ಕಣ್ಣು ಬಿಟ್ಟು, ಎಲ್ಲಿದ್ದೇನೆ ಎಂದು ಪೂರ್ತಿ ವಾಕ್ಯದಲ್ಲಿ ಹೇಳಬೇಕು, ಎರಡೂ ಕೈಯಿಂದ ನಿಮ್ಮ ಕೈಯನ್ನು ಒಂದೇ ಬಲದಿಂದ ಹಿಡಿಯಬೇಕು. ಯಾರೂ ಪರೀಕ್ಷೆ ಮಾಡದವರು, ಅದರಲ್ಲೂ ತಲೆನೋವು ಏರುತ್ತಿರುವವರು ನಿದ್ದೆ ಬರ್ತಿದೆ ಎಂದರೆ ಅವರ ಜಾಗ ಹಾಸಿಗೆಯಲ್ಲ, ಆಸ್ಪತ್ರೆ. ಕುಡಿದವರ ವಿಷಯದಲ್ಲಿ ಇದು ಇನ್ನೂ ಕಷ್ಟ. ತೊದಲು, ವಾಂತಿ, ಗೊರಕೆ ಎಲ್ಲವನ್ನೂ ಕುಡಿತದ ಮೇಲೆ ಹಾಕಿಬಿಡುತ್ತಾರೆ. ಕುಡಿದು ಬಿದ್ದು ತಲೆಗೆ ಪೆಟ್ಟಾಗಿದ್ದರೆ, ಮಂಪರಿಗೆ ಕಾರಣ ರಕ್ತಸ್ರಾವ ಅಲ್ಲ ಎಂದು ಸ್ಕ್ಯಾನ್ ಹೇಳಬೇಕೇ ಹೊರತು ನಾವು ಹೇಳಬಾರದು.

ಯಾರಿಗೆ ಸ್ಕ್ಯಾನ್ ಬೇಕು ಎನ್ನುವುದಕ್ಕೆ ವೈದ್ಯರಿಗೆ ಮಾರ್ಗಸೂಚಿಗಳಿವೆ. ಒಂದಕ್ಕಿಂತ ಹೆಚ್ಚು ಸಲ ವಾಂತಿ, ಫಿಟ್ಸ್, ಏಟು ಬಿದ್ದು ಎರಡು ಗಂಟೆಯಾದರೂ ಪೂರ್ತಿ ಸರಿಹೋಗದ ಎಚ್ಚರ, ಕೈಕಾಲು ಸೋಲು, ಮೂಳೆ ಮುರಿದಿರುವ ಅನುಮಾನ, ಕಿವಿ ಅಥವಾ ಮೂಗಿನಿಂದ ತಿಳಿ ನೀರು ಬರುವುದು, ಇವು ತಡಮಾಡಬಾರದ ಲಕ್ಷಣಗಳು. 65 ದಾಟಿದವರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಇದ್ದರೆ ಇನ್ನೂ ಎಚ್ಚರಿಕೆ ಬೇಕು. ಆ ಮಾತ್ರೆಯ ವಿಷಯವನ್ನು ವೈದ್ಯರು ಕೇಳದಿದ್ದರೂ ಹೇಳಿ. ಸ್ಕ್ಯಾನಿಗೂ ಒಂದು ಮಿತಿ ಇದೆ. ಅದು ತೆಗೆದ ಕ್ಷಣದ ಚಿತ್ರ. ಏಟು ಬಿದ್ದ ಕೂಡಲೇ ತೆಗೆದದ್ದರಲ್ಲಿ ಏನೂ ಕಾಣದೆ, ಆಮೇಲೆ ರಕ್ತ ಸೇರಿದ ಉದಾಹರಣೆಗಳಿವೆ. ಅಪರೂಪ, ಆದರೆ ಇವೆ. ಹಾಗಾಗಿ ಸ್ಕ್ಯಾನ್ ಸರಿಯಿದ್ದರೂ ತಲೆನೋವು ಏರುತ್ತಿದ್ದರೆ, ಮಂಕು ಕವಿಯುತ್ತಿದ್ದರೆ ಮತ್ತೆ ಹೋಗಲೇಬೇಕು.

ಇನ್ನು ಸಬ್‌ಡ್ಯೂರಲ್. ಇಲ್ಲಿ ಸಾಮಾನ್ಯವಾಗಿ ಹರಿದುಹೋಗುವುದು ಸಿರೆಗಳು. ಮೆದುಳಿನ ಮೇಲ್ಮೈಯಿಂದ ಡ್ಯೂರಾದ ಒಳಗಿರುವ ದೊಡ್ಡ ಸಿರೆಗೆ ಸೇತುವೆಯ ಹಾಗೆ ದಾಟುವ ಸಣ್ಣ ಸಿರೆಗಳಿವೆ. ರಭಸದ ಏಟಿಗೆ ಮೆದುಳು ಸರಿದಾಗ ಇವು ಹರಿಯುತ್ತವೆ. ಅಲ್ಲಿ ಹರಡಿಕೊಳ್ಳಲು ತಡೆ ಕಡಿಮೆ, ಹಾಗಾಗಿ ರಕ್ತ ಮೆದುಳಿನ ಮೇಲೆ ಉದ್ದಕ್ಕೂ ತೆಳ್ಳಗೆ ಹರಡಿ ಸ್ಕ್ಯಾನಿನಲ್ಲಿ ಬಾಗಿದ ಪಟ್ಟಿಯಂತೆ ಕಾಣುತ್ತದೆ. ದೊಡ್ಡ ಅಪಘಾತದಲ್ಲಿ ಆಗುವ ಸಬ್‌ಡ್ಯೂರಲ್‌ನಲ್ಲಿ ಮೆದುಳಿಗೂ ಜಜ್ಜುಗಾಯ ಆಗಿರುವುದೇ ಹೆಚ್ಚು. ಅಂಥವರು ಎಷ್ಟೋ ಸಲ ಎಚ್ಚರಕ್ಕೆ ಬರುವುದೇ ಇಲ್ಲ. ರಕ್ತ ತೆಗೆದರೂ ಗಾಯವಾದ ಮೆದುಳು ಉಳಿಯುತ್ತದೆ, ಹಾಗಾಗಿ ಇದರ ಫಲಿತಾಂಶ ಎಕ್ಸ್‌ಟ್ರಾಡ್ಯೂರಲ್‌ಗಿಂತ ಕೆಟ್ಟದ್ದು.

ಆದರೆ ವಯಸ್ಸಾದವರಲ್ಲಿ ಸಬ್‌ಡ್ಯೂರಲ್ ಬೇರೆಯೇ ರೂಪ ತಾಳುತ್ತದೆ. ವಯಸ್ಸಾದಂತೆ ಮೆದುಳು ಸ್ವಲ್ಪ ಕುಗ್ಗುತ್ತದೆ. ಆಗ ಆ ಸಣ್ಣ ಸಿರೆಗಳು ಮೊದಲೇ ಎಳೆದು ನಿಂತಿರುತ್ತವೆ, ಬಾಗಿಲಿಗೆ ತಲೆ ತಾಗಿದಷ್ಟಕ್ಕೇ ಒಂದು ಹರಿಯಬಹುದು. ಕುಗ್ಗಿದ ಮೆದುಳಿನ ಸುತ್ತ ಜಾಗವೂ ಜಾಸ್ತಿ ಇರುವುದರಿಂದ ಸೇರಿದ ರಕ್ತ ತಕ್ಷಣ ತೊಂದರೆ ಕೊಡುವುದಿಲ್ಲ. ಅದರ ಸುತ್ತ ಒಂದು ತೆಳು ಪೊರೆ ಬೆಳೆಯುತ್ತದೆ. ಆ ಪೊರೆಯ ಹೊಸ ರಕ್ತನಾಳಗಳು ತೀರಾ ನಾಜೂಕು. ಅವು ಮತ್ತೆ ಮತ್ತೆ ಸ್ವಲ್ಪ ಸ್ವಲ್ಪ ಸೋರುತ್ತವೆ, ಒಳಗಿನ ರಕ್ತ ಕರಗಿ ದ್ರವವಾಗಿ ಹಿಗ್ಗುತ್ತಾ ಹೋಗುತ್ತದೆ. ಹೀಗೆ ಎಕ್ಸ್‌ಟ್ರಾಡ್ಯೂರಲ್‌ನಲ್ಲಿ ಗಂಟೆಗಳಷ್ಟಿದ್ದ ಸಮಾಧಾನದ ಅವಧಿ ಇಲ್ಲಿ ಮೂರು ವಾರ, ಆರು ವಾರ, ಕೆಲವೊಮ್ಮೆ ಅದಕ್ಕೂ ಹೆಚ್ಚು ಎಳೆಯುತ್ತದೆ. ಆ ಹೊತ್ತಿಗೆ ಬಿದ್ದದ್ದನ್ನೇ ಎಲ್ಲರೂ ಮರೆತಿರುತ್ತಾರೆ.

ಅಜ್ಜಿ ನಡೆಯುವಾಗ ಒಂದು ಕಡೆ ವಾಲುತ್ತಾರೆ, ಮಾತು ತಡವರಿಸುತ್ತದೆ, ಹಗಲೆಲ್ಲ ನಿದ್ದೆ ಮಾಡುತ್ತಾರೆ. ಒಂದು ದಿನ ಚುರುಕಾಗಿ, ಮರುದಿನ ಮಂಕಾಗಿ ಇರುತ್ತಾರೆ. ಮರೆವಿನ ಕಾಯಿಲೆ ಇರಬೇಕು, ಇಲ್ಲಾ ವಯಸ್ಸಾಯ್ತು ಅಂತ ಬಿಟ್ಟುಬಿಡುವುದು ಸುಲಭ. ಮರೆವಿನ ಕಾಯಿಲೆ ಸಾಮಾನ್ಯವಾಗಿ ವರ್ಷಗಳಲ್ಲಿ ನಿಧಾನವಾಗಿ ಬರುತ್ತದೆ. ಕೆಲವೇ ವಾರಗಳಲ್ಲಿ ಇಷ್ಟು ಬದಲಾಗಿದ್ದರೆ "ಕಳೆದ ಎರಡು ಮೂರು ತಿಂಗಳಲ್ಲಿ ಎಲ್ಲಾದರೂ ಬಿದ್ದಿದ್ದರಾ, ತಲೆಗೆ ತಾಗಿತ್ತಾ?" ಎಂದು ಮನೆಯಲ್ಲಿ ಎಲ್ಲರನ್ನೂ ಕೇಳಿ. ಯಾರಿಗೂ ನೆನಪಿಲ್ಲದಿದ್ದರೂ ಸ್ಕ್ಯಾನ್ ಬೇಕು. ಅದನ್ನು ಓದುವುದೂ ಒಮ್ಮೊಮ್ಮೆ ಕಷ್ಟ. ಹೊಸ ರಕ್ತ ಬಿಳಿಯಾಗಿ, ಹಳೆಯದು ಕಪ್ಪಾಗಿ ಕಾಣುತ್ತದೆ. ನಡುವಿನ ಹಂತದಲ್ಲಿ, ಸುಮಾರು ಒಂದರಿಂದ ಮೂರು ವಾರದವರೆಗೆ, ಅದು ಮೆದುಳಿನ ಬಣ್ಣಕ್ಕೇ ಹೊಂದಿಕೊಂಡು ಕಣ್ಣು ತಪ್ಪಿಸಬಹುದು.

ಸಿಕ್ಕಿತೆಂದರೆ ಚಿಕಿತ್ಸೆ ಅಷ್ಟೇನೂ ದೊಡ್ಡದಲ್ಲ. ತಲೆಬುರುಡೆಯಲ್ಲಿ ಒಂದೆರಡು ಸಣ್ಣ ರಂಧ್ರ ಕೊರೆದು, ಕಂದು ಬಣ್ಣದ ದ್ರವವನ್ನು ಹೊರಬಿಟ್ಟು, ಒಂದೆರಡು ದಿನ ನಳಿಕೆ ಇಟ್ಟಿರುತ್ತಾರೆ. ಮಂಕಾಗಿದ್ದವರು ಎಷ್ಟೋ ಸಲ ಬೇಗನೆ ಚುರುಕಾಗುತ್ತಾರೆ. ಆದರೆ ಆ ಪೊರೆ ಅಲ್ಲೇ ಉಳಿದಿರುವುದರಿಂದ ಕೆಲವರಲ್ಲಿ ಮುಂದಿನ ವಾರಗಳಲ್ಲಿ ದ್ರವ ಮತ್ತೆ ತುಂಬಿಕೊಳ್ಳುತ್ತದೆ. ಆಸ್ಪತ್ರೆಯಿಂದ ಬಂದ ಅಜ್ಜಿ ಮೊದಲಿನಂತೆ ಮಾತಾಡುತ್ತಿದ್ದರೂ ನಡಿಗೆ, ಮಾತು, ನಿದ್ದೆಯ ಮೇಲೆ ಇನ್ನೂ ಎರಡು ಮೂರು ತಿಂಗಳು ಕಣ್ಣಿಟ್ಟಿರಬೇಕು. ನಿಲ್ಲಿಸಿದ ರಕ್ತ ತೆಳುವಾಗಿಸುವ ಮಾತ್ರೆಯನ್ನು ಮತ್ತೆ ಯಾವಾಗ ಶುರು ಮಾಡಬೇಕು ಎನ್ನುವುದನ್ನು ಆಪರೇಷನ್ ಮಾಡಿದ ವೈದ್ಯರನ್ನೂ ಆ ಮಾತ್ರೆ ಬರೆದುಕೊಟ್ಟ ವೈದ್ಯರನ್ನೂ ಕೇಳಿಯೇ ತೀರ್ಮಾನಿಸಬೇಕು.